ಟಿವಿಯ ಮೇಲೆ ಕೋಡ್, ಫೋನಿನಲ್ಲಿ ಒಪ್ಪಿಗೆ: ಸ್ಮಾರ್ಟ್ ಟಿವಿ ಲಾಗಿನ್ ನಡೆಯುವುದು ಹೀಗೆ

ಹೊಸ ಸ್ಮಾರ್ಟ್ ಟಿವಿಯಲ್ಲಿ ಯೂಟ್ಯೂಬನ್ನೋ ಬೇರೆ ಆ್ಯಪನ್ನೋ ತೆರೆದರೆ ಅದು ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳುವುದಿಲ್ಲ. ಪರದೆಯ ಮೇಲೆ ಒಂದು ಚಿಕ್ಕ ವಿಳಾಸ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಕೋಡ್ ಬರುತ್ತದೆ. ಫೋನಿನಲ್ಲಿ ಆ ವಿಳಾಸ ತೆರೆದು, ಕೋಡ್ ಹಾಕಿ, ‘ಅನುಮತಿಸು’ ಒತ್ತಿದರೆ ಸಾಕು. ಕೆಲವೇ ಸೆಕೆಂಡುಗಳಲ್ಲಿ ಟಿವಿ ತಾನಾಗಿ ತೆರೆದುಕೊಳ್ಳುತ್ತದೆ, ನಮ್ಮ ಹೆಸರೂ ಅಲ್ಲಿ ಕಾಣಿಸುತ್ತದೆ. ಫೋನಿಗೂ ಟಿವಿಗೂ ನಡುವೆ ತಂತಿಯಿಲ್ಲ, ಬ್ಲೂಟೂತ್ ಜೋಡಿಸಿಲ್ಲ. ಹಾಗಿದ್ದರೆ ಟಿವಿಗೆ ಇದು ತಿಳಿದದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ತಿಳಿದಿರಬೇಕಾದ ಕಾರಣ ಇನ್ನೊಂದಿದೆ. ಇಂಥದೇ ಕೋಡ್‌ಗಳನ್ನು ಅಪರಿಚಿತರು ವಾಟ್ಸ್ಆ್ಯಪ್‌ನಲ್ಲಿ, ಇಮೇಲ್‌ನಲ್ಲಿ ಕಳಿಸಿ ‘ಮೀಟಿಂಗ್ ಸೇರಲು ಇದನ್ನು ಹಾಕಿ’ ಎನ್ನತೊಡಗಿದ್ದಾರೆ. ಹಾಕಿದವರ ಖಾತೆ ಕಳಿಸಿದವರ ಕೈಗೆ ಹೋಗುತ್ತದೆ. ಟಿವಿ ತೆರೆಯುವುದೂ ಖಾತೆ ಕಳೆದುಹೋಗುವುದೂ ಒಂದೇ ವ್ಯವಸ್ಥೆಯಿಂದ.

## ಟಿವಿಯಲ್ಲೇ ಪಾಸ್‌ವರ್ಡ್ ಹಾಕಿದರೆ ಏನಾಗುತ್ತಿತ್ತು?

ರಿಮೋಟಿನಲ್ಲಿ ಟೈಪ್ ಮಾಡಿದವರಿಗೆ ಕಷ್ಟ ಗೊತ್ತು. ಒಂದೊಂದು ಅಕ್ಷರಕ್ಕೂ ಬಾಣದ ಗುಂಡಿಯನ್ನು ನಾಲ್ಕೈದು ಸಲ ಒತ್ತಬೇಕು, ದೊಡ್ಡಕ್ಷರಕ್ಕೆ ಬೇರೆ ಗುಂಡಿ, ಚಿಹ್ನೆಗಳಿಗೆ ಬೇರೆ ಪುಟ. ಇಡೀ ಮನೆಯವರು ಕುಳಿತ ಪಡಸಾಲೆಯಲ್ಲಿ ಗೋಡೆಯಗಲದ ಪರದೆಯ ಮೇಲೆ ಪಾಸ್‌ವರ್ಡ್ ಮೂಡುತ್ತಿರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಟಿವಿಯಲ್ಲಿ ಹಾಕಿದ ಪಾಸ್‌ವರ್ಡ್ ಆ ಟಿವಿಯ ಆ್ಯಪ್‌ನ ಕೈ ಸೇರುತ್ತದೆ. ಅದು ಅದನ್ನು ಎಲ್ಲಿ ಬರೆದಿಟ್ಟುಕೊಳ್ಳುತ್ತದೆ ಎಂದು ನೋಡಲು ನಮಗೆ ದಾರಿಯಿಲ್ಲ. ಆದ್ದರಿಂದ ಪಾಸ್‌ವರ್ಡ್ ಟಿವಿಯ ಹತ್ತಿರವೂ ಸುಳಿಯದಂತೆ ಒಂದು ಕ್ರಮ ಮಾಡಿಕೊಂಡರು. ಅದರ ನಿಯಮಗಳನ್ನು ಇಂಟರ್ನೆಟ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ 2019ರ ಆಗಸ್ಟ್‌ನಲ್ಲಿ RFC 8628 ಎಂಬ ದಾಖಲೆಯಾಗಿ ಪ್ರಕಟಿಸಿತು. ಅದಕ್ಕೂ ಮೊದಲೇ ಕಂಪನಿಗಳು ಇದನ್ನು ಬಳಸುತ್ತಿದ್ದವು. ಈಗ ಟಿವಿ, ಪ್ರಿಂಟರ್, ಗೇಮ್ ಪೆಟ್ಟಿಗೆಗಳಂಥ ಕೀಬೋರ್ಡ್ ಇಲ್ಲದ ಸಾಧನಗಳಲ್ಲಿ ನಡೆಯುವುದು ಬಹುಪಾಲು ಇದೇ ರೀತಿ.

## ಕೋಡ್ ಒಂದಲ್ಲ, ಎರಡು

ಟಿವಿಯಲ್ಲಿ ‘ಸೈನ್ ಇನ್’ ಒತ್ತಿದ ಕೂಡಲೇ ಟಿವಿ ತನ್ನ ಇಂಟರ್ನೆಟ್ ಮೂಲಕ ಆ ಕಂಪನಿಯ ಸರ್ವರ್‌ಗೆ ಹೇಳುತ್ತದೆ: ನಾನು ಇಂಥ ಆ್ಯಪ್, ಯಾರೋ ಒಬ್ಬರು ಲಾಗಿನ್ ಆಗಬೇಕೆಂದಿದ್ದಾರೆ, ನನಗೆ ಕೋಡ್ ಕೊಡು. ಯಾರು ಎಂಬುದು ಟಿವಿಗೆ ಆಗ ಗೊತ್ತೇ ಇರುವುದಿಲ್ಲ. ಸರ್ವರ್‌ನಿಂದ ಬರುವ ಉತ್ತರ ಹೀಗಿರುತ್ತದೆ (ಇದು ಮಾದರಿಗಾಗಿ ಬರೆದದ್ದು):

```
{
  "device_code": "q7Zt0vXc91LmWb4RkYs8HdPe2NfUa6Jg",
  "user_code": "HKTR-PLWX",
  "verification_uri": "https://example.com/device",
  "expires_in": 1800,
  "interval": 5
}
```

ಮೊದಲಿನ ಎರಡು ಸಾಲುಗಳಲ್ಲೇ ಇಡೀ ಜಾಣ್ಮೆ ಇದೆ. ಎರಡನೆಯ ಸಾಲಿನಲ್ಲಿರುವುದು ಚಿಕ್ಕ ಕೋಡ್, ಪರದೆಯ ಮೇಲೆ ನಮಗೆ ಕಾಣುವುದು ಇದೇ. ಮೊದಲ ಸಾಲಿನದು ಉದ್ದದ ಕೋಡ್. ಇದನ್ನು ಟಿವಿ ಯಾರಿಗೂ ತೋರಿಸದೆ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಇವೆರಡೂ ಜೋಡಿ ಎಂದು ಸರ್ವರ್ ಬರೆದಿಟ್ಟುಕೊಂಡಿರುತ್ತದೆ. ಕೋಡ್ ಹಾಕಬೇಕಾದ ವಿಳಾಸ, ಕೋಡ್ ಎಷ್ಟು ಸೆಕೆಂಡು ಬಾಳುತ್ತದೆ (ಇಲ್ಲಿ 1800, ಅಂದರೆ ಅರ್ಧ ಗಂಟೆ), ಟಿವಿ ಎಷ್ಟು ಸೆಕೆಂಡಿಗೊಮ್ಮೆ ಮತ್ತೆ ಬಂದು ವಿಚಾರಿಸಬಹುದು (ಇಲ್ಲಿ 5) ಎಂಬುದನ್ನು ಉಳಿದ ಮೂರು ಸಾಲು ಹೇಳುತ್ತವೆ.

ಹಿಂದೆ ಬ್ಯಾಂಕಿನಲ್ಲಿ ಹಣ ತೆಗೆಯಲು ಹೋದಾಗ ಕೊಡುತ್ತಿದ್ದ ಹಿತ್ತಾಳೆ ಬಿಲ್ಲೆಯನ್ನು ನೆನೆಸಿಕೊಳ್ಳಿ. ಮಗನ ಕೈಯಲ್ಲಿ ಬಿಲ್ಲೆ ಇದೆ, ಆದರೆ ಸಹಿ ಅಪ್ಪನದಾಗಬೇಕು. ಮಗ ಬಿಲ್ಲೆಯ ಮೇಲಿನ ನಂಬರನ್ನಷ್ಟೇ ಕೂಗಿ ಹೇಳುತ್ತಾನೆ. ಅಪ್ಪ ಬೇರೆ ಕಿಟಕಿಗೆ ಹೋಗಿ, ತನ್ನ ಗುರುತು ತೋರಿಸಿ, ‘ಈ ನಂಬರಿನ ಬಿಲ್ಲೆಗೆ ನನ್ನ ಖಾತೆಯಿಂದ ಕೊಡ್ರಿ’ ಎಂದು ಸಹಿ ಹಾಕುತ್ತಾನೆ. ಕ್ಯಾಶಿಯರ್ ಹಣ ಕೊಡುವುದು ನಂಬರ್ ಹೇಳಿದವರಿಗಲ್ಲ, ಬಿಲ್ಲೆಯನ್ನೇ ತಂದು ಮುಂದಿಟ್ಟವರಿಗೆ. ಚಿಕ್ಕ ಕೋಡ್ ಎಂದರೆ ಆ ನಂಬರ್, ಉದ್ದದ ಕೋಡ್ ಎಂದರೆ ಬಿಲ್ಲೆ. ಅಪ್ಪ ತಪ್ಪಿ ಬೇರೆಯವರ ನಂಬರ್ ಹೇಳಿದ್ದರೆ ಹಣ ಬೇರೆಯವರ ಕೈಗೆ ಹೋಗುತ್ತಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದೇ ಕೋಡ್ ಇದ್ದರೆ ಸಾಲದೇ ಎಂದರೆ, ಸಾಲದು. ಪರದೆಯ ಮೇಲಿನ ಕೋಡನ್ನು ಮನೆಗೆ ಬಂದವರೂ ನೋಡಬಹುದು, ಫೋಟೋ ತೆಗೆಯಬಹುದು. ಅದೊಂದರಿಂದಲೇ ಖಾತೆ ತೆರೆಯುವಂತಿದ್ದರೆ ನೋಡಿದವರೆಲ್ಲ ತೆರೆಯುತ್ತಿದ್ದರು. ಹಾಗಂತ ಉದ್ದದ ಕೋಡನ್ನೇ ಪರದೆಗೆ ಹಾಕಿದರೆ ಅದನ್ನು ಫೋನಿನಲ್ಲಿ ಟೈಪ್ ಮಾಡುವುದು ಯಾರಿಂದಲೂ ಆಗದ ಮಾತು. ಮನುಷ್ಯರು ಟೈಪ್ ಮಾಡಲು ಒಂದು, ಯಂತ್ರ ಬಚ್ಚಿಟ್ಟುಕೊಳ್ಳಲು ಒಂದು ಎಂದು ಎರಡಾಗಿಸಿದ್ದು ಅದಕ್ಕೇ.

## ಎಂಟು ಅಕ್ಷರ ಸಾಕೇ?

ಮೇಲಿನ ಚಿಕ್ಕ ಕೋಡ್‌ನಲ್ಲಿ A, E, I, O, U ಇಲ್ಲ, ಅಂಕಿಗಳೂ ಇಲ್ಲ. ಮಾನದಂಡದ ದಾಖಲೆ ಸೂಚಿಸುವುದು `BCDFGHJKLMNPQRSTVWXZ` ಎಂಬ 20 ಅಕ್ಷರಗಳನ್ನು. ಸ್ವರಗಳನ್ನು ಬಿಟ್ಟರೆ ಅಕಸ್ಮಾತ್ತಾಗಿ ಕೆಟ್ಟ ಪದವೊಂದು ಪರದೆಯ ಮೇಲೆ ಮೂಡುವ ಸಂಭವ ತಪ್ಪುತ್ತದೆ. ಅಂಕಿಗಳಿಲ್ಲದಿದ್ದರೆ ಸೊನ್ನೆಯೋ O ಅಕ್ಷರವೋ ಎಂಬ ಗೊಂದಲವೂ ಇಲ್ಲ. ಎಲ್ಲ ಕಂಪನಿಗಳೂ ಇದನ್ನೇ ಪಾಲಿಸುವುದಿಲ್ಲ, ಬರೀ ಅಂಕಿಗಳ ಕೋಡ್ ಕೊಡುವವರೂ ಇದ್ದಾರೆ.

20 ಅಕ್ಷರಗಳಿಂದ ಎಂಟು ಅಕ್ಷರದ ಕೋಡ್ ಮಾಡಿದರೆ 2,560 ಕೋಟಿ ಬೇರೆ ಬೇರೆ ಕೋಡ್‌ಗಳಾಗುತ್ತವೆ. ಒಂದು ಹೊತ್ತಿನಲ್ಲಿ 1 ಲಕ್ಷ ಟಿವಿಗಳು ಕೋಡ್ ತೋರಿಸುತ್ತ ಕುಳಿತಿವೆ ಎಂದು ಲೆಕ್ಕಕ್ಕೆ ಹಿಡಿದರೂ, ಕಣ್ಣು ಮುಚ್ಚಿ ಹಾಕಿದ ಕೋಡ್ ಅವುಗಳಲ್ಲಿ ಒಂದಕ್ಕೆ ತಾಗುವ ಸಾಧ್ಯತೆ 2,56,000ದಲ್ಲಿ ಒಂದು. ನಾವು ಒಂದಕ್ಷರ ತಪ್ಪಿಸಿದರೆ ಇನ್ನಾರದೋ ಟಿವಿ ತೆರೆದೀತು ಎಂದು ಹೆದರಬೇಕಿಲ್ಲ. ಪುಟ ‘ಕೋಡ್ ಸರಿಯಿಲ್ಲ’ ಎನ್ನುತ್ತದೆ ಅಷ್ಟೇ. ಬೇಕಂತಲೇ ಸಾವಿರಾರು ಕೋಡ್‌ಗಳನ್ನು ಹಾಕಿ ನೋಡುವವರನ್ನು ತಡೆಯಲು ಸರ್ವರ್ ಕೆಲವು ತಪ್ಪು ಪ್ರಯತ್ನಗಳಾದ ಮೇಲೆ ಬಾಗಿಲು ಹಾಕುತ್ತದೆ.

## ಬಾಗಲಕೋಟೆಯ ಟಿವಿ, ಪುಣೆಯ ಫೋನ್

ಬಾಗಲಕೋಟೆಯ ನವನಗರದಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ತಾಯಿ ಹೊಸ ಟಿವಿ ಹಚ್ಚಿಸಿದ್ದಾರೆ, ಚಂದಾ ಇರುವ ಖಾತೆ ಪುಣೆಯಲ್ಲಿರುವ ಮಗನದು. ಸಂಜೆ 7:10ಕ್ಕೆ ಟಿವಿಯ ಮೇಲೆ ಕೋಡ್ ಬಂತು. ಮಗ ಫೋನಿನಲ್ಲಿದ್ದಾನೆ.

“ಅವ್ವಾ, ಏನ್ ಬಂದೈತಿ ಸಾವಕಾಶ ಓದು.”

“ಎಚ್, ಕೆ, ಟಿ, ಆರ್. ಆಮ್ಯಾಲೆ ಒಂದ್ ಗೆರಿ ಐತಿ ನೋಡಪಾ.”

“ಗೆರಿ ಬ್ಯಾಡ, ಅದರ ಮುಂದಿಂದು ಹೇಳು.”

“ಪಿ, ಎಲ್, ಡಬ್ಲ್ಯೂ, ಎಕ್ಸ್.”

ನಡುವಿನ ಗೆರೆ ಓದಲು ಸುಲಭವಾಗಲಿ ಎಂದು ಹಾಕಿದ್ದು. ಅದನ್ನು ಬಿಟ್ಟರೂ, ಸಣ್ಣಕ್ಷರದಲ್ಲಿ ಬರೆದರೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಫೋನಿನಲ್ಲಿ ಪಿ, ಬಿ, ಟಿ, ಡಿ ಒಂದೇ ತರ ಕೇಳುತ್ತವೆ, ಎಮ್ಮು ಎನ್ನೂ ಹಾಗೆಯೇ. ಅನುಮಾನವಿದ್ದರೆ ಪರದೆಯ ಫೋಟೋ ಕಳಿಸುವುದು ಮೇಲು.

ಇಷ್ಟು ಹೊತ್ತೂ ಟಿವಿ ಸುಮ್ಮನೆ ಕುಳಿತಿಲ್ಲ. ಮನೆಯ ಟಿವಿಗೆ ಹೊರಗಿನ ಸರ್ವರ್ ತಾನಾಗಿ ಕರೆ ಮಾಡಲು ಆಗದು, ಟಿವಿಯೇ ಮತ್ತೆ ಮತ್ತೆ ಹೋಗಿ ಕೇಳಬೇಕು. ಐದು ಸೆಕೆಂಡಿಗೊಮ್ಮೆ ಅದು ಬಚ್ಚಿಟ್ಟ ಉದ್ದದ ಕೋಡನ್ನು ತೋರಿಸಿ ‘ಆಯಿತೇ?’ ಎನ್ನುತ್ತದೆ. ಸರ್ವರ್ `authorization_pending` ಎನ್ನುತ್ತದೆ, ಅಂದರೆ ಇನ್ನೂ ಆಗಿಲ್ಲ, ಮತ್ತೆ ಬಾ. ಟಿವಿ ಅವಸರ ಮಾಡಿ ಬೇಗ ಬೇಗ ಕೇಳಿದರೆ `slow_down` ಎಂಬ ಉತ್ತರ ಬರುತ್ತದೆ. ಆಗಿನಿಂದ ಅದು ಐದು ಸೆಕೆಂಡು ಹೆಚ್ಚಿಗೆ ಕಾಯಬೇಕು, ಅಂದರೆ ಹತ್ತು ಸೆಕೆಂಡಿಗೊಮ್ಮೆ ಕೇಳಬೇಕು.

7:13ಕ್ಕೆ ಪುಣೆಯ ಮಗ ವಿಳಾಸ ತೆರೆದು, ಕೋಡ್ ಹಾಕಿ, ತನ್ನ ಖಾತೆಗೆ ತನ್ನ ಫೋನಿನಲ್ಲೇ ಲಾಗಿನ್ ಆದ. ‘ಟಿವಿಯಲ್ಲಿರುವ ಈ ಆ್ಯಪ್‌ಗೆ ನಿಮ್ಮ ಖಾತೆ ಬಳಸಲು ಬಿಡಬೇಕೇ?’ ಎಂದು ಪುಟ ಕೇಳಿತು, ಅವನು ಒಪ್ಪಿದ. ಟಿವಿ ಮುಂದಿನ ಸಲ ಕೇಳಿದಾಗ ಉತ್ತರ ಬದಲಾಯಿತು. ಸರ್ವರ್ ಅದಕ್ಕೆ ಟೋಕನ್ ಕೊಟ್ಟಿತು. ಟೋಕನ್ ಎಂದರೆ ಪಾಸ್‌ವರ್ಡ್ ಇಲ್ಲದೆ ಆ ಖಾತೆಯನ್ನು ಬಳಸಲು ಕೊಟ್ಟ ಪರವಾನಗಿ. ಸಾಮಾನ್ಯವಾಗಿ ಎರಡು ಟೋಕನ್ ಬರುತ್ತವೆ: ಒಂದು ಗಂಟೆಯಂಥ ಕಡಿಮೆ ಹೊತ್ತಿನದೊಂದು, ಅದು ಮುಗಿದಾಗ ಹೊಸದನ್ನು ತರಲು ಬೇಕಾದ ದೀರ್ಘ ಬಾಳಿಕೆಯದು ಇನ್ನೊಂದು. ತಿಂಗಳುಗಟ್ಟಲೆ ಟಿವಿ ಮತ್ತೆ ಲಾಗಿನ್ ಕೇಳದಿರುವುದು ಈ ಎರಡನೆಯದರಿಂದ.

ಫೋನೂ ಟಿವಿಯೂ ಒಮ್ಮೆಯೂ ಮಾತಾಡಿಲ್ಲ ಎಂಬುದನ್ನು ಗಮನಿಸಿ. ಎರಡೂ ಬೇರೆ ಬೇರೆಯಾಗಿ ಸರ್ವರ್ ಜೊತೆಗೇ ಮಾತಾಡಿದವು. ಆದ್ದರಿಂದ ಒಂದೇ ವೈಫೈ ಬೇಕು ಎಂಬುದು ಈ ವಿಧಾನದ ಮಟ್ಟಿಗೆ ತಪ್ಪು ತಿಳಿವಳಿಕೆ. ಫೋನಿನ ವಿಡಿಯೋವನ್ನು ಟಿವಿಗೆ ಕಳಿಸಲು, ಅಂದರೆ ಕಾಸ್ಟ್ ಮಾಡಲು, ಸಾಮಾನ್ಯವಾಗಿ ಒಂದೇ ವೈಫೈ ಬೇಕಾಗುತ್ತದೆ, ಅದು ಬೇರೆ. ಕೋಡ್ ವಿಧಾನದಲ್ಲಿ ಬಾಗಲಕೋಟೆಗೂ ಪುಣೆಗೂ ಇರುವ ದೂರ ಲೆಕ್ಕಕ್ಕೇ ಬರುವುದಿಲ್ಲ. ಅನುಕೂಲ ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ.

ಕೋಡ್ ಜೊತೆ ಕ್ಯೂಆರ್ ಚೌಕ ಬಂದಿದ್ದರೆ ಕೋಡ್ ಸೇರಿದ ವಿಳಾಸವೇ ಅದರೊಳಗಿರುತ್ತದೆ, ಟೈಪ್ ಮಾಡುವ ಕೆಲಸ ತಪ್ಪುತ್ತದೆ. ಆಗಲೂ ಫೋನಿನಲ್ಲಿ ಕಂಡ ಕೋಡ್ ಟಿವಿಯ ಮೇಲಿನದೇ ಹೌದೇ ಎಂದು ನೋಡಿ ಒಪ್ಪಬೇಕು.

## ಎಲ್ಲಿ ಕೈಕೊಡುತ್ತದೆ?

ನಮ್ಮ ಕಡೆ ಹೆಚ್ಚಾಗಿ ಕಾಡುವುದು ಕರೆಂಟ್. ಮಗ ಕೋಡ್ ಹಾಕುವುದಕ್ಕೂ ಮನೆಯಲ್ಲಿ ಕರೆಂಟ್ ಹೋಗುವುದಕ್ಕೂ ಸರಿಹೋಯಿತು ಎನ್ನಿ. ಫೋನಿನ ಮೇಲೆ ‘ಯಶಸ್ವಿ’ ಎಂದು ಬರುತ್ತದೆ. ಕರೆಂಟ್ ಬಂದ ಮೇಲೆ ಟಿವಿ ಮಾತ್ರ ಹೊಸ ಕೋಡ್ ತೋರಿಸುತ್ತದೆ. ಟಿವಿ ಆರಿದಾಗ ಅದರ ನೆನಪಿನಲ್ಲಿದ್ದ ಉದ್ದದ ಕೋಡ್ ಅಳಿದಿರುತ್ತದೆ. ಅತ್ತ ಸರ್ವರ್‌ನಲ್ಲಿ ಒಪ್ಪಿಗೆ ಇದೆ, ಇತ್ತ ಅದನ್ನು ಪಡೆಯಬೇಕಾದವರ ಕೈಯಲ್ಲಿ ಬಿಲ್ಲೆಯಿಲ್ಲ. ಹೊಸ ಕೋಡನ್ನು ಮೊದಲಿನಿಂದ ಹಾಕುವುದೊಂದೇ ದಾರಿ. ಹಳೆಯ ಒಪ್ಪಿಗೆಯಿಂದ ತೊಂದರೆಯಿಲ್ಲ, ಅವಧಿ ಮುಗಿದೊಡನೆ ಅದು ಬಿದ್ದುಹೋಗುತ್ತದೆ.

ಕರೆಂಟ್ ಹೋಗದೆಯೂ ಹೀಗಾಗಬಹುದು. ಕೋಡ್ ಇರುವ ಪರದೆಯಿಂದ ‘ಬ್ಯಾಕ್’ ಒತ್ತಿ ಹಿಂದೆ ಹೋಗಿ ಮತ್ತೆ ಬಂದರೆ ಬಹಳ ಆ್ಯಪ್‌ಗಳು ಹೊಸ ಕೋಡ್ ತರುತ್ತವೆ. ನಾವು ಮೊದಲು ಬರೆದಿಟ್ಟುಕೊಂಡ ಕೋಡನ್ನೇ ಹಾಕುತ್ತಿರುತ್ತೇವೆ. ಫೋನ್ ‘ಆಯಿತು’ ಎಂದೂ ಅರ್ಧ ನಿಮಿಷದಲ್ಲಿ ಟಿವಿ ಕದಲದಿದ್ದರೆ, ಹಾಕಿದ ಕೋಡನ್ನೂ ಈಗ ಟಿವಿಯ ಮೇಲಿರುವ ಕೋಡನ್ನೂ ಅಕ್ಷರ ಅಕ್ಷರ ಹೋಲಿಸಿ. ಬೇರೆಯಾಗಿದ್ದರೆ ಕಾರಣ ಸಿಕ್ಕಿತು. ಒಂದೇ ಆಗಿದ್ದರೆ ಟಿವಿಯ ಇಂಟರ್ನೆಟ್ ನಡುವೆ ಕಡಿದಿರಬೇಕು.

ಕೋಡ್ ಬರುವ ಜಾಗದಲ್ಲಿ ಚಕ್ರ ತಿರುಗುತ್ತಲೇ ಇದ್ದು ಕೋಡ್ ಬರದಿದ್ದರೆ, ಅದೇ ವೈಫೈನಲ್ಲಿ ಫೋನ್ ಸರಾಗ ನಡೆಯುತ್ತಿದ್ದರೆ, ಟಿವಿಯ ದಿನಾಂಕ ನೋಡಿ. ಬಹಳ ಹೊತ್ತು ಕರೆಂಟ್ ಇಲ್ಲದೆ ಕೆಲವು ಟಿವಿಗಳ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ನಿಂತಿರುತ್ತದೆ. ಸರ್ವರ್ ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಟಿವಿಯ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ, ಅದಕ್ಕೇ ಅದು ಸರ್ವರನ್ನು ನಂಬದೆ ಸಂಪರ್ಕ ಕಡಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ಸಮಯವನ್ನು ಆಟೋಮ್ಯಾಟಿಕ್ ಮಾಡಿ, ಟಿವಿ ಆರಿಸಿ ಹಚ್ಚಿದರೆ ಸರಿಯಾಗುತ್ತದೆ.

ಇನ್ನೊಂದು ತಪ್ಪು ಕೂಡಲೇ ಕಣ್ಣಿಗೆ ಬೀಳುವುದಿಲ್ಲ. ಒಂದೇ ಫೋನಿನಲ್ಲಿ ಅಂಗಡಿಯದೊಂದು, ಮನೆಯದೊಂದು ಎಂದು ಎರಡು ಖಾತೆಗಳಿದ್ದರೆ ಬ್ರೌಸರ್ ತನಗೆ ಮೊದಲು ಸಿಕ್ಕ ಖಾತೆಯನ್ನು ಮುಂದೆ ಮಾಡಬಹುದು. ಅಂಗಡಿಯ ಖಾತೆ ಟಿವಿಗೆ ಹೋಗಿ, ಮಕ್ಕಳು ನೋಡಿದ ಕಾರ್ಟೂನುಗಳೆಲ್ಲ ಅಲ್ಲಿ ದಾಖಲಾಗುತ್ತವೆ. ಒಪ್ಪಿಗೆಯ ಪುಟದಲ್ಲಿ ಯಾವ ಇಮೇಲ್ ವಿಳಾಸ ಇದೆ ಎಂದು ನೋಡಿಯೇ ಮುಂದೆ ಹೋಗಬೇಕು.

ಟಿವಿಯ ಮೇಲಿನ ವಿಳಾಸವನ್ನು ಬ್ರೌಸರ್‌ನ ವಿಳಾಸ ಪಟ್ಟಿಯಲ್ಲೇ ಪೂರ್ತಿ ಬರೆಯಿರಿ. ‘ಟಿವಿ ಆಕ್ಟಿವೇಟ್’ ಎಂದು ಹುಡುಕಿದರೆ ನಕಲಿ ಪುಟಗಳು ಸಿಗುವುದುಂಟು. ಅವು ಕೋಡ್ ತಪ್ಪಾಗಿದೆ ಎಂದು ಹೇಳಿ ಒಂದು ನಂಬರ್‌ಗೆ ಕರೆ ಮಾಡಿಸಿ ‘ಆಕ್ಟಿವೇಶನ್ ಶುಲ್ಕ’ ಕೇಳುತ್ತವೆ. ಕೋಡ್ ಹಾಕಿ ಟಿವಿ ಜೋಡಿಸುವುದಕ್ಕೆ ಶುಲ್ಕವೇ ಇಲ್ಲ, ಚಂದಾ ಹಣ ಬೇರೆ.

## ಬೇರೆಯವರು ಕೊಟ್ಟ ಕೋಡ್

ಓಟಿಪಿಯನ್ನು ಯಾರಿಗೂ ಹೇಳಬಾರದು ಎಂಬುದು ಎಲ್ಲರಿಗೂ ಬಾಯಿಪಾಠವಾಗಿದೆ. ಟಿವಿ ಕೋಡ್ ವಿಷಯ ತಿರುಗುಮುರುಗು. ನಮ್ಮ ಟಿವಿಯ ಕೋಡನ್ನು ಬೇರೆಯವರಿಗೆ ಹೇಳಿದರೆ ಅವರ ಖಾತೆ ನಮ್ಮ ಟಿವಿಗೆ ಬರುತ್ತದೆ, ನಮ್ಮ ಖಾತೆಗೆ ಏನೂ ಆಗುವುದಿಲ್ಲ. ಬೇರೆಯವರು ಹೇಳಿದ ಕೋಡನ್ನು ನಾವು ಹಾಕಿ ಒಪ್ಪಿದರೆ ನಮ್ಮ ಖಾತೆ ಅವರ ಸಾಧನಕ್ಕೆ ಹೋಗುತ್ತದೆ. ಬ್ಯಾಂಕಿನಲ್ಲಿ ಅಪ್ಪ ಇನ್ನೊಬ್ಬರ ನಂಬರ್ ಹೇಳಿ ಸಹಿ ಹಾಕಿದ ಹಾಗೆ.

ಮೋಸಗಾರರು ಮಾಡುವುದು ಇದನ್ನೇ. ತಮ್ಮ ಕಂಪ್ಯೂಟರಿನಲ್ಲಿ ಕೋಡ್ ತರಿಸಿಕೊಳ್ಳುತ್ತಾರೆ, ಉದ್ದದ ಕೋಡ್ ಅವರಲ್ಲೇ ಉಳಿಯುತ್ತದೆ, ಚಿಕ್ಕದನ್ನು ನಮಗೆ ಕಳಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಇಂಥದೊಂದು ಗುಂಪಿನ ಬಗ್ಗೆ ಎಚ್ಚರಿಕೆ ಪ್ರಕಟಿಸಿ, ಅದಕ್ಕೆ ಸ್ಟಾರ್ಮ್-2372 ಎಂದು ಹೆಸರಿಟ್ಟಿತು. ಆ ಗುಂಪಿನವರು ವಾಟ್ಸ್ಆ್ಯಪ್, ಸಿಗ್ನಲ್, ಟೀಮ್ಸ್‌ಗಳಲ್ಲಿ ಗಣ್ಯರಂತೆ ಪರಿಚಯ ಮಾಡಿಕೊಂಡು, ಆನ್‌ಲೈನ್ ಸಭೆಗೆ ಕರೆದು, ಸೇರಲು ಕೋಡ್ ಹಾಕಿ ಎನ್ನುತ್ತಿದ್ದರು. ಹಾಕಿದವರ ಇಮೇಲ್‌ಗಳನ್ನು ಓದುತ್ತಿದ್ದರು.

ನಾವು ಸಾಮಾನ್ಯವಾಗಿ ನಂಬುವ ಗುರುತುಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೋಡ್ ಹಾಕುವ ಪುಟ ಕಂಪನಿಯದೇ, ವಿಳಾಸ ಸರಿಯಾಗಿಯೇ ಇದೆ, ಬೀಗದ ಗುರುತೂ ನಿಜವಾದದ್ದೇ. ಲಾಗಿನ್‌ಗೆ ಓಟಿಪಿಯ ಎರಡನೇ ಹಂತ ಇಟ್ಟಿದ್ದರೂ ಅದನ್ನು ನಾವೇ ದಾಟಿಸಿ ಕೊಡುತ್ತೇವೆ. ನಕಲಿ ಎಂದರೆ ಆ ಕೋಡ್ ನಮ್ಮ ಕೈಗೆ ಬಂದ ದಾರಿ ಮಾತ್ರ. ಕಣ್ಣೆದುರಿನ ಪರದೆಯ ಮೇಲೆ, ನಾವೇ ‘ಸೈನ್ ಇನ್’ ಒತ್ತಿದ ಮೇಲೆ ಬಂದ ಕೋಡನ್ನು ಹಾಕಬಹುದು. ದೂರದ ಮನೆಯವರ ಕೋಡಾದರೆ ಧ್ವನಿ ಕೇಳಿ ಗುರುತಿಸಿದ ಮೇಲೆ ಹಾಕಬಹುದು. ಬರೀ ಮೆಸೇಜ್‌ನಲ್ಲಿ ಬಂದದ್ದು ಯಾರ ಹೆಸರಿನಲ್ಲಿದ್ದರೂ ಬೇಡ.

ಎಷ್ಟು ಹಾನಿಯಾದೀತು ಎಂಬುದು ಆ ಟೋಕನ್‌ಗೆ ಏನೇನು ಮಾಡಲು ಬಿಟ್ಟಿದ್ದಾರೆ ಎಂಬುದರ ಮೇಲಿದೆ. ಗೂಗಲ್ ಈ ವಿಧಾನಕ್ಕೆ ಮಿತಿ ಹಾಕಿದೆ: ಇದರಿಂದ ಯೂಟ್ಯೂಬ್, ಹೆಸರು ಮತ್ತು ಇಮೇಲ್ ವಿಳಾಸದಂಥ ಪ್ರಾಥಮಿಕ ವಿವರ, ಆ್ಯಪ್ ತಾನೇ ಡ್ರೈವ್‌ನಲ್ಲಿಟ್ಟ ಕಡತಗಳಂಥ ಕೆಲವನ್ನಷ್ಟೇ ತಲುಪಬಹುದು, ಜಿಮೇಲ್ ಓದಲು ಅನುಮತಿ ಕೇಳುವಂತೆಯೇ ಇಲ್ಲ. ಕಚೇರಿ ಖಾತೆಗಳಲ್ಲಿ ಎಲ್ಲ ಕಡೆ ಇಂಥ ಮಿತಿ ಇರುವುದಿಲ್ಲ.

## ಕೊಟ್ಟದ್ದನ್ನು ಹಿಂದೆ ಪಡೆಯುವುದು

ಪಾಸ್‌ವರ್ಡ್ ಬದಲಿಸಿದರೆ ಟಿವಿ ತಾನಾಗಿ ಹೊರಬೀಳುತ್ತದೆ ಎಂದು ನಂಬಿ ಕೂರಬೇಡಿ. ಟಿವಿಯಲ್ಲಿ ಇರುವುದು ಟೋಕನ್, ಪಾಸ್‌ವರ್ಡ್ ಅಲ್ಲ. ಕೆಲವು ಸೇವೆಗಳು ಪಾಸ್‌ವರ್ಡ್ ಬದಲಾದಾಗ ಟೋಕನ್‌ಗಳನ್ನೂ ರದ್ದು ಮಾಡುತ್ತವೆ, ಕೆಲವು ಮಾಡುವುದಿಲ್ಲ. ಖಾತೆಯ ಭದ್ರತೆಯ ಪುಟದಲ್ಲಿ ಸಾಧನಗಳ ಪಟ್ಟಿ ಇರುತ್ತದೆ. ಗೂಗಲ್ ಖಾತೆಯಾದರೆ `Your devices` ಎಂಬ ಭಾಗ. ಗುರುತಿಲ್ಲದ ಸಾಧನವನ್ನು ಅಲ್ಲಿ ಒತ್ತಿ ‘ಸೈನ್ ಔಟ್’ ಮಾಡಬೇಕು. ಆ್ಯಪ್‌ಗಳಿಗೆ ಕೊಟ್ಟ ಅನುಮತಿಗಳ ಪಟ್ಟಿ ಬೇರೆಯೇ ಇರುತ್ತದೆ, ಅದನ್ನೂ ನೋಡಬೇಕು.

ಟಿವಿ ಮಾರುವಾಗ ಅಥವಾ ಬಾಡಿಗೆ ಮನೆಯಲ್ಲಿ ಬಿಟ್ಟು ಬರುವಾಗ ಫ್ಯಾಕ್ಟರಿ ರೀಸೆಟ್ ಮಾಡಿದರೆ ಟಿವಿಯೊಳಗಿನ ಟೋಕನ್ ಅಳಿಯುತ್ತದೆ. ಮಾಡಲು ಮರೆತು ಟಿವಿ ಕೈಬಿಟ್ಟು ಹೋಗಿದ್ದರೂ ಪಟ್ಟಿಯಿಂದ ತೆಗೆಯುವ ದಾರಿ ಉಳಿದಿರುತ್ತದೆ, ಆಗ ಆ ಟಿವಿ ಆರಿದ್ದರೂ ನಡೆಯುತ್ತದೆ. ಮುಂದೆ ಅದು ಹೊಸ ಟೋಕನ್ ಕೇಳಲು ಬಂದಾಗ ಸರ್ವರ್ ಕೊಡುವುದಿಲ್ಲ. ಆಗಲೇ ಕೊಟ್ಟಿರುವ ಕಡಿಮೆ ಅವಧಿಯ ಟೋಕನ್ ಮಾತ್ರ ಕೆಲವು ಸೇವೆಗಳಲ್ಲಿ ತನ್ನ ಹೊತ್ತು ಮುಗಿಯುವ ತನಕ ನಡೆಯಬಹುದು. ತೆಗೆದ ಮೇಲೂ ಸ್ವಲ್ಪ ಹೊತ್ತು ಆ ಟಿವಿಯಲ್ಲಿ ವಿಡಿಯೋ ಓಡುತ್ತಿದ್ದರೆ ಕಾರಣ ಅದು.